ನಡೆಯದ ಯುದ್ಧ, ಇಲ್ಲದ ಗ್ರಂಥ



ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಗೋವೆಯ ಕಡೆ ಸಾಗುವವರಿಗೆ ಸಾಖಳಿ ದಾಟಿದ ಮೇಲೆ ಬಿಚೋಲಿಂ ಎಂಬ ಊರು ಸಿಗುತ್ತದೆ. ಸ್ಥಳೀಯರ ಬಾಯಲ್ಲಿ ಅದು ಡಿಚೋಲಿ. ತಾಲ್ಲೂಕು ಕೇಂದ್ರವಾದ ಈ ಊರಿನ ಹೆಸರಿನಲ್ಲಿ ಒಂದು ಯುದ್ಧ ನಡೆದಿತ್ತೆಂದು ಇಂಗ್ಲಿಷ್ ವಿಕಿಪೀಡಿಯ ಐದು ವರ್ಷಗಳಿಗೂ ಹೆಚ್ಚು ಕಾಲ ಜಗತ್ತಿಗೆ ಹೇಳುತ್ತಿತ್ತು. 1640ರ ಮಧ್ಯಭಾಗದಿಂದ 1641ರ ಆರಂಭದವರೆಗೆ ಗೋವೆಯ ಪೋರ್ಚುಗೀಸರಿಗೂ ಮರಾಠಾ ಸಾಮ್ರಾಜ್ಯಕ್ಕೂ ಘೋಷಣೆಯಿಲ್ಲದ ಸಮರ ನಡೆಯಿತು. ಕೊನೆಗೆ ಶಾಂತಿ ಒಪ್ಪಂದವಾಯಿತು. ಗೋವೆ ಮುಂದೆ ಪ್ರತ್ಯೇಕವಾಗಿ ಉಳಿಯಲು ಆ ಒಪ್ಪಂದವೇ ನೆರವಾಯಿತು. ಇದು ಆ ಲೇಖನದ ಸಾರ. ಸುಮಾರು 4,500 ಪದಗಳ ದೀರ್ಘ ಲೇಖನ ಅದು. ಕೆಳಗೆ ಅಡಿಟಿಪ್ಪಣಿಗಳ ಸಾಲು. ಮೇಲೆ ‘ಉತ್ತಮ ಲೇಖನ’ ಎಂಬ ಮಾನ್ಯತೆಯ ಮುದ್ರೆ.

ಅಂಥ ಯುದ್ಧ ನಡೆಯಲೇ ಇಲ್ಲ. 2007ರ ಜುಲೈನಲ್ಲಿ ಯಾರೋ ಒಬ್ಬರು ಕಲ್ಪಿಸಿ ಬರೆದ ಕಥೆ ಅದು. 2007ರ ಸೆಪ್ಟೆಂಬರಿನಲ್ಲಿ ಅದಕ್ಕೆ ಮಾನ್ಯತೆ ಸಿಕ್ಕಿತು. 2012ರ ಡಿಸೆಂಬರಿನಲ್ಲಿ ಅದನ್ನು ಅಳಿಸಲಾಯಿತು.

ವಿಕಿಪೀಡಿಯವನ್ನು ನಂಬಬಹುದೇ ಎಂದು ಕೇಳುವವರು ಬಹಳ. ನಂಬಬೇಡಿ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಹಾಗೆ ಹೇಳಿದವರೇ ಸಂಜೆ ಅದನ್ನು ತೆರೆದು ನೋಡುತ್ತಾರೆ. ಆದ್ದರಿಂದ ಪ್ರಶ್ನೆಯನ್ನು ಬೇರೆ ರೀತಿ ಕೇಳುವುದು ಮೇಲು. 2010ರಲ್ಲಿ ಒಬ್ಬ ಓದುಗ ಬಿಚೋಲಿಂ ಲೇಖನವನ್ನು ತೆರೆದಿದ್ದನೆನ್ನಿ. ಇದು ಸುಳ್ಳು ಎಂದು ತಿಳಿಯಲು ಅವನಿಗೆ ದಾರಿ ಇತ್ತೇ? ಇತ್ತು. ಒಂದಲ್ಲ, ಮೂರು ದಾರಿಗಳಿದ್ದವು. ಅವು ಇಂದಿಗೂ ಪ್ರತಿಯೊಂದು ಪುಟಕ್ಕೂ ಇವೆ. ಪುಟದ ಇತಿಹಾಸ, ಪುಟದ ಬಗೆಗಿನ ಚರ್ಚೆ, ಪುಟದ ಅಡಿಯಲ್ಲಿರುವ ಆಧಾರಗಳು ಇವೇ ಆ ಮೂರು.

ಮೊದಲು ಇತಿಹಾಸ. ಇಂಗ್ಲಿಷ್ ಆವೃತ್ತಿಯಲ್ಲಿ ಪ್ರತಿ ಲೇಖನದ ಮೇಲ್ಭಾಗದಲ್ಲಿ ‘View history’ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಲೇಖನ ಹುಟ್ಟಿದ ದಿನದಿಂದ ಈವರೆಗೆ ಆದ ತಿದ್ದುಪಡಿಗಳ ಪಟ್ಟಿ ತೆರೆದುಕೊಳ್ಳುತ್ತದೆ. ಹೊಸದು ಮೇಲೆ, ಹಳೆಯದು ಕೆಳಗೆ. ಅಂಗಡಿಯವರ ರೋಜುಪುಸ್ತಕ ಓದಬಲ್ಲವನಿಗೆ ಇದು ಕಷ್ಟವಲ್ಲ. ಒಂದು ಸಾಲಿಗೆ ಒಂದು ತಿದ್ದುಪಡಿ. ಯಾವ ದಿನ, ಎಷ್ಟು ಗಂಟೆಗೆ, ಯಾವ ಖಾತೆಯಿಂದ, ಎಷ್ಟು ಸೇರಿತು ಅಥವಾ ಎಷ್ಟು ಹೋಯಿತು, ತಿದ್ದಿದವರು ಕೊಟ್ಟ ಕಾರಣವೇನು ಎಂಬುದೆಲ್ಲ ಅದೇ ಸಾಲಿನಲ್ಲಿ ಇರುತ್ತದೆ. ಸೇರಿದ್ದು ಹಸಿರು ಅಂಕಿಯಲ್ಲಿ, ಕಳೆದದ್ದು ಕೆಂಪು ಅಂಕಿಯಲ್ಲಿ.

ಈ ಅಂಕಿಗಳು ಅಕ್ಷರಗಳ ಲೆಕ್ಕವಲ್ಲ, ಬೈಟುಗಳ ಲೆಕ್ಕ. ಕನ್ನಡ ವಿಕಿಪೀಡಿಯವನ್ನು ನೋಡುವವರು ಇದನ್ನು ನೆನಪಿಡಬೇಕು. ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟು. ಕನ್ನಡದಲ್ಲಿ ಅಕ್ಷರ, ಸ್ವರಚಿಹ್ನೆ, ಒತ್ತಕ್ಷರಕ್ಕೆ ಕಾರಣವಾಗುವ ವಿರಾಮ ಚಿಹ್ನೆ, ಹೀಗೆ ಒಂದೊಂದಕ್ಕೂ ಮೂರು ಬೈಟು. ‘ಕನ್ನಡ’ ಎಂಬ ಪದವೊಂದೇ 15 ಬೈಟು ಆಗುತ್ತದೆ. ಆದ್ದರಿಂದ ಕನ್ನಡ ಪುಟದಲ್ಲಿ 300 ಬೈಟು ಸೇರಿತೆಂದರೆ ಇಡೀ ಪರಿಚ್ಛೇದವೇ ಸೇರಿತೆಂದು ಭಾವಿಸಬೇಕಾಗಿಲ್ಲ. ಒಂದೆರಡು ವಾಕ್ಯ ಇರಬಹುದು.

ಈ ಪಟ್ಟಿಯಲ್ಲಿ ಏನನ್ನು ನೋಡಬೇಕು? ತಿದ್ದುಪಡಿಗಳ ಸಂಖ್ಯೆಯನ್ನಲ್ಲ. ಸಾವಿರ ಸಲ ತಿದ್ದಿದ ಪುಟವೂ ಕೆಟ್ಟದಾಗಿರಬಹುದು. ಹೆಸರಾಂತ ನಟರ ಪುಟಗಳಲ್ಲಿ ಒಬ್ಬರು ಕೆಡಿಸುವುದು, ಇನ್ನೊಬ್ಬರು ಸರಿಪಡಿಸುವುದು ಇದರಲ್ಲೇ ನೂರಾರು ಸಾಲು ತುಂಬಿಹೋಗುತ್ತದೆ. ನೋಡಬೇಕಾದ್ದು ವಿಷಯವನ್ನು ಬಲ್ಲ ಎರಡನೆಯವರು ಯಾರಾದರೂ ಇದಕ್ಕೆ ಕೈಹಾಕಿದ್ದಾರೆಯೇ ಎಂಬುದನ್ನು. ಬಿಚೋಲಿಂ ಲೇಖನವನ್ನು ಹುಟ್ಟಿಸಿ ಬೆಳೆಸಿದ್ದು ಒಂದೇ ಖಾತೆ. ಇಂಥ ಪುಟಗಳ ಇತಿಹಾಸದಲ್ಲಿ ಉಳಿದ ಹೆಸರುಗಳೂ ಕಾಣುತ್ತವೆ. ಆದರೆ ಅವರು ಮಾಡಿದ್ದೇನೆಂದು ನೋಡಿದರೆ ಒಬ್ಬರು ಅಲ್ಪವಿರಾಮ ಹಾಕಿರುತ್ತಾರೆ, ಒಬ್ಬರು ಕಾಗುಣಿತ ತಿದ್ದಿರುತ್ತಾರೆ, ಮತ್ತೊಂದೆಡೆ ಒಂದು ಯಂತ್ರ ವರ್ಗದ ಹೆಸರನ್ನು ಬದಲಿಸಿರುತ್ತದೆ. ಯುದ್ಧದ ಕಾರಣವನ್ನು, ದಿನಾಂಕವನ್ನು, ಸೇನಾಪತಿಯ ಹೆಸರನ್ನು ಬೇರೊಂದು ಪುಸ್ತಕದ ಬಲದಿಂದ ಪ್ರಶ್ನಿಸಿದವರು ಇರುವುದಿಲ್ಲ. ನಿಜವಾದ ಯುದ್ಧದ ಪುಟದಲ್ಲಿ ಹಾಗಾಗುವುದು ಅಪರೂಪ. ಸೈನಿಕರು ಎಷ್ಟು ಮಂದಿ, ಗೆದ್ದವರು ಯಾರು ಎಂದು ಯಾರಾದರೂ ಜಗಳಕ್ಕೆ ಬಂದೇ ಬರುತ್ತಾರೆ. ಜಗಳವೇ ಇಲ್ಲದ ಯುದ್ಧದ ಪುಟ ಅನುಮಾನಕ್ಕೆ ಎಡೆಮಾಡುವಂಥದ್ದು.

ಇತಿಹಾಸದ ಪಟ್ಟಿಯಿಂದ ಇನ್ನೊಂದು ಕೆಲಸವಿದೆ. ಯಾವುದಾದರೂ ಎರಡು ಆವೃತ್ತಿಗಳನ್ನು ಆರಿಸಿ ಅಕ್ಕಪಕ್ಕದಲ್ಲಿ ಇಟ್ಟು ನೋಡಬಹುದು. ಎಡಗಡೆ ಹಳೆಯ ಪಾಠ, ಬಲಗಡೆ ಹೊಸ ಪಾಠ. ಬದಲಾದ ಪದಗಳಿಗೆ ಬಣ್ಣ ಬಳಿದಿರುತ್ತದೆ. ಹಸ್ತಪ್ರತಿಗಳ ಪಾಠಾಂತರ ನೋಡುವ ವಿದ್ವಾಂಸರು ಮಾಡುವ ಕೆಲಸವೇ ಇದು. ಒಂದು ಸಾಲು ಅನುಮಾನ ಹುಟ್ಟಿಸಿದರೆ ಅದು ಯಾವಾಗ ಬಂತೆಂದು ಹುಡುಕಲು ಎಲ್ಲ ಆವೃತ್ತಿಗಳನ್ನೂ ತೆರೆಯಬೇಕಾಗಿಲ್ಲ. ಪಟ್ಟಿಯ ನಡುವಿನ ಒಂದು ಆವೃತ್ತಿಯನ್ನು ತೆರೆಯಬೇಕು. ಸಾಲು ಅಲ್ಲಿ ಇದ್ದರೆ ಅದಕ್ಕೂ ಹಿಂದಿನ ಅರ್ಧದಲ್ಲಿ, ಇಲ್ಲದಿದ್ದರೆ ಮುಂದಿನ ಅರ್ಧದಲ್ಲಿ ಹುಡುಕಬೇಕು. ಸಾವಿರ ಆವೃತ್ತಿಗಳಿದ್ದರೂ ಹತ್ತು ಸಲ ಹೀಗೆ ಅರ್ಧ ಮಾಡಿದರೆ ಸಾಲು ಹುಟ್ಟಿದ ಜಾಗ ಸಿಕ್ಕಿಬಿಡುತ್ತದೆ.

ಇದರಿಂದ ಬಯಲಾಗುವ ಒಂದು ಸಾಮಾನ್ಯ ಕಿಡಿಗೇಡಿತನವಿದೆ. ತಾಳೀಕೋಟೆಯ ಯುದ್ಧ 1565ರಲ್ಲಿ ನಡೆಯಿತು ಎಂಬ ವಾಕ್ಯಕ್ಕೆ ಒಂದು ಒಳ್ಳೆಯ ಪುಸ್ತಕದ ಅಡಿಟಿಪ್ಪಣಿ ಇದೆಯೆಂದುಕೊಳ್ಳಿ. ಯಾರೋ ಬಂದು 1565 ಎಂಬುದನ್ನು 1556 ಮಾಡಿ ಹೋಗುತ್ತಾರೆ. ಅಡಿಟಿಪ್ಪಣಿ ಹಾಗೆಯೇ ಉಳಿಯುತ್ತದೆ. ಮುಂದೆ ಓದಿದವನಿಗೆ ತಪ್ಪು ವರ್ಷವೂ ಕಾಣುತ್ತದೆ, ಅದರ ಬೆನ್ನಿಗೆ ಒಳ್ಳೆಯ ಪುಸ್ತಕವೂ ಕಾಣುತ್ತದೆ. ಬೈಟುಗಳ ಲೆಕ್ಕದಲ್ಲಿ ವ್ಯತ್ಯಾಸ ಸೊನ್ನೆ. ಆವೃತ್ತಿಗಳನ್ನು ಹೋಲಿಸಿದಾಗ ಮಾತ್ರ ಅಂಕಿ ಬದಲಾಗಿ ಆಧಾರ ಬದಲಾಗದೇ ಉಳಿದದ್ದು ಕಣ್ಣಿಗೆ ಬೀಳುತ್ತದೆ.

ಎರಡನೆಯದು ಚರ್ಚೆಯ ಪುಟ. ಲೇಖನದ ಹೆಸರಿನ ಬಳಿ ‘Talk’ ಎಂದು, ಕನ್ನಡದಲ್ಲಿ ‘ಚರ್ಚೆ’ ಎಂದು ಇರುತ್ತದೆ. ಲೇಖನವನ್ನು ಬರೆದವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಜಗುಲಿ ಇದು. ಲೇಖನದಲ್ಲಿ ಒಂದು ವಿಷಯ ಏಕಿಲ್ಲ, ಒಂದು ಪದವನ್ನು ಏಕೆ ಹೀಗೆ ಬಳಸಿದೆ ಎಂಬುದಕ್ಕೆ ಉತ್ತರ ಅಲ್ಲಿರುತ್ತದೆ. ಹಳೆಯ ಚರ್ಚೆಗಳನ್ನು ಕಡತಗಳಿಗೆ ಸರಿಸಿರುತ್ತಾರೆ. ಮುಂದಿನ ಪುಟ ಖಾಲಿ ಕಂಡರೂ ಕಡತಗಳನ್ನು ನೋಡಬೇಕು. ವಾದ ಮಾಡುವವರಲ್ಲಿ ಯಾರು ಜೋರು ಎಂಬುದು ಮುಖ್ಯವಲ್ಲ. ಪುಸ್ತಕದ ಹೆಸರು, ಪುಟದ ಸಂಖ್ಯೆ ಕೊಟ್ಟು ಮಾತಾಡುವವರು ಯಾರು, ನಮ್ಮ ಊರಿನ ಹಿರಿಮೆಗೆ ಕುಂದು ಬಂತೆಂದು ಮಾತಾಡುವವರು ಯಾರು, ಕೊನೆಗೆ ಲೇಖನದಲ್ಲಿ ಉಳಿದದ್ದು ಯಾರ ಮಾತು ಎಂಬುದು ಮುಖ್ಯ.

ಚರ್ಚೆಯ ಪುಟವೇ ಖಾಲಿ ಇದ್ದರೆ? ಎಲ್ಲರೂ ಒಪ್ಪಿದ್ದಾರೆಂದು ಅರ್ಥವಲ್ಲ. ಹೆಚ್ಚಿನ ಪಕ್ಷ ಯಾರೂ ಗಮನಿಸಿಲ್ಲವೆಂದು ಅರ್ಥ. ನಮ್ಮ ಸಣ್ಣಪುಟ್ಟ ಊರುಗಳ, ಸ್ಥಳೀಯ ಮನೆತನಗಳ ಪುಟಗಳು ಬಹುಮಟ್ಟಿಗೆ ಈ ಸ್ಥಿತಿಯವು.

ಲೇಖನದ ದರ್ಜೆಯೂ ಚರ್ಚೆಯ ಪುಟದಲ್ಲೇ ದಾಖಲಾಗುತ್ತದೆ. ಬಿಚೋಲಿಂ ಲೇಖನಕ್ಕೆ ಸಿಕ್ಕ ‘ಉತ್ತಮ ಲೇಖನ’ದ ಬಿರುದು ದೊಡ್ಡ ಸಮಿತಿ ಕೂತು ಕೊಟ್ಟದ್ದಲ್ಲ. ಈ ದರ್ಜೆಗೆ ಒಬ್ಬ ಪರಿಶೀಲಕರು ಒಪ್ಪಿದರೆ ಸಾಕು. ಅವರು ಭಾಷೆ ಶುದ್ಧವಾಗಿದೆಯೇ, ಪಕ್ಷಪಾತವಿದೆಯೇ, ಹೇಳಿಕೆಗಳಿಗೆ ಅಡಿಟಿಪ್ಪಣಿ ಇದೆಯೇ ಎಂದು ನೋಡುತ್ತಾರೆ. ಅಂತರಜಾಲದಲ್ಲಿ ಸಿಗದ ಮುದ್ರಿತ ಪುಸ್ತಕವಾದರೆ ಬರೆದವರ ಮಾತನ್ನು ನಂಬಿ ಮುಂದೆ ಹೋಗುವ ರೂಢಿ ಆಗ ಇತ್ತು. ಪರಿಶೀಲಕರು ಪುಸ್ತಕವನ್ನು ಕೇಳಲಿಲ್ಲ. ಪುಸ್ತಕದ ಹೆಸರು ಇದೆಯೇ ಎಂದಷ್ಟೇ ನೋಡಿದರು. ಈಚಿನ ವರ್ಷಗಳಲ್ಲಿ ಈ ದರ್ಜೆ ಕೊಡುವ ಮೊದಲು ಕೆಲವು ಆಧಾರಗಳನ್ನಾದರೂ ಬಿಡಿಸಿ ನೋಡಬೇಕೆಂಬ ನಿಯಮ ಬಂದಿದೆ. ಆದ್ದರಿಂದ ಮುದ್ರೆಯನ್ನು ಕಂಡವನು ಅದು ಯಾವ ವರ್ಷ ಬಿದ್ದದ್ದು, ಪರಿಶೀಲಕರು ಯಾವ ಆಧಾರವನ್ನು ತೆರೆದು ನೋಡಿದರು ಎಂದು ಆ ಪರಿಶೀಲನೆಯನ್ನೇ ಓದಬೇಕು. ಅದು ಎಲ್ಲರಿಗೂ ತೆರೆದೇ ಇರುತ್ತದೆ.

ಮೂರನೆಯದು ಆಧಾರಗಳು. ಬಿಚೋಲಿಂ ಕಥೆ ಮುಗಿದದ್ದು ಇಲ್ಲಿಯೇ. 2012ರ ಕೊನೆಯಲ್ಲಿ ವಿಕಿಪೀಡಿಯದ ಸಂಪಾದಕರೊಬ್ಬರಿಗೆ ಅನುಮಾನ ಬಂತು. ಅವರು ಯುದ್ಧಭೂಮಿಗೆ ಹೋಗಲಿಲ್ಲ, ಪೋರ್ಚುಗೀಸ್ ದಫ್ತರಗಳನ್ನು ಓದಲಿಲ್ಲ. ಲೇಖನ ಪದೇ ಪದೇ ಹೆಸರಿಸುತ್ತಿದ್ದ ಒಂದು ಮುಖ್ಯ ಗ್ರಂಥವನ್ನು ಹುಡುಕಿದರು. ಮಾರ್ಕ್ ಥಾಂಪ್ಸನ್ ಎಂಬುವರದೆಂದು, ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ 1996ರಲ್ಲಿ ಹೊರತಂದದ್ದೆಂದು ಕೊಟ್ಟಿದ್ದ ಪುಸ್ತಕ ಅದು. ಜಗತ್ತಿನ ಸಾವಿರಾರು ಗ್ರಂಥಾಲಯಗಳ ಸಂಗ್ರಹವನ್ನು ಒಟ್ಟಿಗೆ ತೋರಿಸುವ ವರ್ಲ್ಡ್‌ಕ್ಯಾಟ್ ಎಂಬ ಸೂಚಿಯಲ್ಲಿ ಅದು ಇರಲಿಲ್ಲ. ಪ್ರಕಾಶಕರ ಜಾಲತಾಣದಲ್ಲಿ ಇರಲಿಲ್ಲ. ಹಳೆಯ ಪುಸ್ತಕ ಮಾರುವವರ ಪಟ್ಟಿಗಳಲ್ಲಿ ಒಂದು ಪ್ರತಿಯೂ ಇರಲಿಲ್ಲ. ಆಕ್ಸ್‌ಫರ್ಡಿನಂಥ ಪ್ರಕಾಶಕರು 1996ರಲ್ಲಿ ಅಚ್ಚು ಹಾಕಿದ ಗ್ರಂಥ ಹೀಗೆ ಎಲ್ಲ ಕಡೆಯಿಂದಲೂ ಮಾಯವಾಗುವುದು ಸಾಧ್ಯವಿಲ್ಲ. ಯುದ್ಧದ ಹೆಸರನ್ನು ಜಾಲದಲ್ಲಿ ಹುಡುಕಿದಾಗ ಸಿಕ್ಕಿದ್ದೆಲ್ಲ ಇದೇ ಲೇಖನದಿಂದ ಎತ್ತಿಕೊಂಡದ್ದು. ಇಷ್ಟು ಕೆಲಸಕ್ಕೆ ಬೇಕಾದದ್ದು ಕೆಲವೇ ಗಂಟೆ. ಐದು ವರ್ಷ ಯಾರೂ ಆ ಕೆಲವು ಗಂಟೆ ಕೊಟ್ಟಿರಲಿಲ್ಲ.

ಆಧಾರದ ಮುಂದೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಅದು ಇದೆಯೇ? ಎರಡನೆಯ ಪ್ರಶ್ನೆ, ಇದ್ದರೆ ಅದು ಈ ಮಾತನ್ನು ಹೇಳುತ್ತದೆಯೇ? ಪುಟದ ಸಂಖ್ಯೆ ಕೊಡದೆ ಆರುನೂರು ಪುಟದ ಗ್ರಂಥದ ಹೆಸರನ್ನು ಮಾತ್ರ ಕೊಟ್ಟಿದ್ದರೆ ಬರೆದವರೂ ಅದನ್ನು ಓದಿರಲಿಕ್ಕಿಲ್ಲ. ಒಂದು ವಾಕ್ಯದಲ್ಲಿ ಎರಡು ಸಂಗತಿಗಳಿದ್ದು, ಆಧಾರ ಎರಡನೆಯದಕ್ಕೆ ಮಾತ್ರ ಹೊಂದುವುದೂ ಉಂಟು.

ಮೂರನೆಯ ಪ್ರಶ್ನೆಯನ್ನು ಬಹಳ ಮಂದಿ ಕೇಳುವುದಿಲ್ಲ. ಆಧಾರ ಮೊದಲು ಬಂತೋ, ವಾಕ್ಯ ಮೊದಲು ಬಂತೋ? ದಕ್ಷಿಣ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ ಕೋಆಟಿ ಎಂಬ ಉದ್ದ ಮೂತಿಯ ಪ್ರಾಣಿ ಇದೆ. 2008ರ ಜುಲೈನಲ್ಲಿ ಅಮೆರಿಕದ ವಿದ್ಯಾರ್ಥಿಯೊಬ್ಬ ಅದರ ವಿಕಿಪೀಡಿಯ ಪುಟದಲ್ಲಿ, ಇದನ್ನು ಬ್ರೆಜಿಲಿನ ಆರ್ಡ್‌ವಾರ್ಕ್ ಎಂದೂ ಕರೆಯುತ್ತಾರೆ ಎಂದು ತಮಾಷೆಗೆ ಸೇರಿಸಿದ. ಆರ್ಡ್‌ವಾರ್ಕ್ ಇರುವುದು ಆಫ್ರಿಕದಲ್ಲಿ ಮಾತ್ರ. ಕೋಆಟಿಗೂ ಅದಕ್ಕೂ ಸಂಬಂಧವಿಲ್ಲ. ಸಾಲಿಗೆ ಆಧಾರವಿರಲಿಲ್ಲ. ಆದರೆ ಯಾರೂ ತೆಗೆಯಲಿಲ್ಲ. ಮುಂದಿನ ವರ್ಷಗಳಲ್ಲಿ ಬ್ರಿಟನ್ನಿನ ಪತ್ರಿಕೆಗಳು ಆ ಹೆಸರನ್ನು ಬಳಸಿದವು. ವಿಶ್ವವಿದ್ಯಾಲಯದ ಮುದ್ರಣಾಲಯವೊಂದರ ಪುಸ್ತಕದಲ್ಲೂ ಅದು ಬಂತು. ಆಮೇಲೆ ಪತ್ರಿಕೆಯ ಬರಹವೇ ವಿಕಿಪೀಡಿಯದ ಆ ಸಾಲಿಗೆ ಆಧಾರವಾಗಿ ಕುಳಿತಿತು. 2014ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆ ಈ ಕಥೆಯನ್ನು ಬಿಚ್ಚಿಡುವವರೆಗೂ ಹಾಗೇ ನಡೆದಿತ್ತು.

ಇಲ್ಲಿ ಆಧಾರ ಇದೆ. ಅದು ಆ ಮಾತನ್ನು ಹೇಳುತ್ತದೆ ಕೂಡ. ಮೊದಲ ಎರಡು ಪ್ರಶ್ನೆಗಳಲ್ಲಿ ಈ ಸಾಲು ಪಾಸಾಗುತ್ತದೆ. ಸಿಕ್ಕಿಬೀಳುವುದು ಮೂರನೆಯದರಲ್ಲಿ. ಇತಿಹಾಸದ ಪಟ್ಟಿಯಲ್ಲಿ ಸಾಲು ಹುಟ್ಟಿದ್ದು 2008; ಅಡಿಟಿಪ್ಪಣಿಯ ಪತ್ರಿಕೆ ಅದಕ್ಕಿಂತ ಈಚಿನದು. ಮಗ ಅಪ್ಪನಿಗೆ ಜನ್ಮಪತ್ರ ಬರೆದುಕೊಟ್ಟಂತೆ ಇದು. ಆದ್ದರಿಂದ ಸಾಲಿನ ದಿನಾಂಕ ಮತ್ತು ಆಧಾರದ ದಿನಾಂಕ ಎರಡನ್ನೂ ಎದುರುಬದುರು ಇಡಬೇಕು. ಆಧಾರ ಹಳೆಯದಾದರೆ ಒಳ್ಳೆಯದು. ಹೊಸದಾದರೆ ಅದಕ್ಕೂ ಹಿಂದೆ, ವಿಕಿಪೀಡಿಯ ಹುಟ್ಟಿದ 2001ಕ್ಕೂ ಹಿಂದೆ, ಯಾರಾದರೂ ಆ ಮಾತನ್ನು ಹೇಳಿದ್ದಾರೆಯೇ ಎಂದು ಹುಡುಕಬೇಕು. ಈ ಪ್ರಸಂಗದಲ್ಲಿ ತಪ್ಪು ವಿಕಿಪೀಡಿಯದ್ದಷ್ಟೇ ಅಲ್ಲ. ಎಲ್ಲಿಂದ ತೆಗೆದುಕೊಂಡೆವೆಂದು ಹೇಳದೆ ಅಚ್ಚು ಹಾಕಿದ ಪತ್ರಿಕೆಗಳದ್ದೂ ಹೌದು. ಅಚ್ಚಾದ ಮಾತಿಗೆ ಸಿಗುವ ಮರ್ಯಾದೆಯನ್ನು ಅವು ಒಂದು ತಮಾಷೆಗೆ ದಾನ ಮಾಡಿದವು.

ಈ ಪರೀಕ್ಷೆಗೆ ಮಿತಿಗಳೂ ಉಂಟು. ಮೊದಲನೆಯದು, ಅಳಿಸಿಹಾಕಿದ ಲೇಖನದ ಇತಿಹಾಸ ಸಾಮಾನ್ಯ ಓದುಗನಿಗೆ ಕಾಣುವುದಿಲ್ಲ. ನಿರ್ವಾಹಕರಿಗೆ ಮಾತ್ರ ಕಾಣುತ್ತದೆ. ಎರಡನೆಯದು, ಖಾತೆಯ ಹೆಸರು ಮನುಷ್ಯನ ಹೆಸರಲ್ಲ. ಒಬ್ಬರೇ ಮೂರು ಖಾತೆ ತೆರೆದು ತಮ್ಮ ಮಾತನ್ನು ತಾವೇ ಒಪ್ಪಿಕೊಳ್ಳಬಹುದು. ಮೂರನೆಯದು ನಮ್ಮ ಕಡೆಯ ಓದುಗರಿಗೆ ಹೆಚ್ಚು ಸಂಬಂಧಿಸಿದ್ದು. ಒಂದು ಊರಿನ ಜಾತ್ರೆ, ಒಂದು ಹಾಡಿನ ಪರಂಪರೆ, ಒಂದು ಕೆರೆಯ ಕಥೆ ಅಚ್ಚಿನಲ್ಲಿ ಎಲ್ಲಿಯೂ ಬಂದಿರುವುದಿಲ್ಲ. ಅದಕ್ಕೆ ಆಧಾರವಿಲ್ಲವೆಂದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ಈ ಪರೀಕ್ಷೆ ಒಂದು ಮಾತು ನಿಜವೇ ಎಂದು ತೀರ್ಪು ಕೊಡುವುದಿಲ್ಲ. ಆ ಮಾತು ಯಾವುದರ ಮೇಲೆ ನಿಂತಿದೆ ಎಂದು ತೋರಿಸುತ್ತದೆ, ಅಷ್ಟೆ. ಆಧಾರ ಬೇಕಾಗಿದೆ ಎಂಬ ಗುರುತು ಇರುವ ಸಾಲು ಆ ಮಟ್ಟಿಗೆ ಪ್ರಾಮಾಣಿಕ. ತನಗೆ ಕಾಲಿಲ್ಲವೆಂದು ಅದೇ ಹೇಳಿಕೊಳ್ಳುತ್ತಿರುತ್ತದೆ. ಬಿಚೋಲಿಂ ಲೇಖನ ಮೋಸಗೊಳಿಸಿದ್ದು ಆಧಾರವಿಲ್ಲದೆ ಅಲ್ಲ, ಆಧಾರದ ವೇಷದಿಂದ.

ಆದ್ದರಿಂದ ಇಡೀ ಪುಟವನ್ನು ನಂಬುವುದು ಅಥವಾ ಬಿಡುವುದು ಎಂಬ ಮಾತೇ ಸರಿಯಲ್ಲ. ತೂಗಬೇಕಾದ್ದು ತನಗೆ ಬೇಕಾದ ಒಂದು ವಾಕ್ಯವನ್ನು. ಅದು ಎಂದು ಬಂತು, ಅದನ್ನು ಯಾರಾದರೂ ಪ್ರಶ್ನಿಸಿದರೇ, ಅದರ ಆಧಾರ ಇದೆಯೇ, ಆಧಾರ ಅದನ್ನೇ ಹೇಳುತ್ತದೆಯೇ, ಅದಕ್ಕಿಂತ ಹಿಂದಿನದೇ. ಶಾಲೆಯ ಮಗುವಿಗೆ ಪ್ರಬಂಧ ಹೇಳಿಕೊಡುವ ಮೇಷ್ಟರಾಗಲಿ, ಊರಿನ ಸ್ಮರಣ ಸಂಚಿಕೆಗೆ ಬರೆಯುವವರಾಗಲಿ ಹತ್ತು ವಾಕ್ಯ ಎತ್ತಿಕೊಂಡರೆ ಅವುಗಳಲ್ಲಿ ಮುಖ್ಯವಾದ ಎರಡಕ್ಕಾದರೂ ಇಷ್ಟನ್ನು ಮಾಡಿದರೆ ಸಾಕು.

ಬಿಚೋಲಿಮ್ಮಿನ ವಿಷಯದಲ್ಲಂತೂ ಮತ್ತೊಂದು ಪರೀಕ್ಷೆ ಕನ್ನಡದ ಓದುಗರ ಕೈಯಲ್ಲೇ ಇತ್ತು. 1640ರಲ್ಲಿ ಶಿವಾಜಿಗೆ ಹತ್ತು ವರ್ಷ. ಅವನ ಪಟ್ಟಾಭಿಷೇಕ ಆದದ್ದು 1674ರಲ್ಲಿ. ಅವನ ತಂದೆ ಶಹಾಜಿ ಆಗ ಬಿಜಾಪುರದ ಸರದಾರ; ಬೆಂಗಳೂರು ಅವನ ಜಹಗೀರು. ಬಿಚೋಲಿಂ ಪ್ರದೇಶ ಬಿಜಾಪುರದ ಮಹಮ್ಮದ್ ಆದಿಲ್ ಶಾಹನ ಆಳ್ವಿಕೆಗೆ ಸೇರಿತ್ತು. ಗೋಳಗುಮ್ಮಟದ ಕೆಳಗೆ ಮಲಗಿರುವವನು ಅವನೇ. ಪೋರ್ಚುಗೀಸರೊಡನೆ ಕಾದಾಡಲು ಮರಾಠಾ ಸಾಮ್ರಾಜ್ಯವೆಂಬುದು ಆಗ ಹುಟ್ಟಿಯೇ ಇರಲಿಲ್ಲ. ಪ್ರೌಢಶಾಲೆಯ ಚರಿತ್ರೆ ಪುಸ್ತಕ ನೆನಪಿದ್ದವರು ಮೊದಲ ವಾಕ್ಯದಲ್ಲೇ ತಡೆಯಬಹುದಾಗಿತ್ತು. ಅಡಿಟಿಪ್ಪಣಿಗಳ ಸಾಲನ್ನು ಕಂಡು, ಇಷ್ಟೊಂದು ಆಧಾರವಿರುವಾಗ ತನ್ನ ನೆನಪೇ ತಪ್ಪಿರಬೇಕೆಂದು ಓದುಗ ಸುಮ್ಮನಾದ. ಅವನು ಆ ಆಧಾರಗಳಲ್ಲಿ ಒಂದನ್ನು ಹುಡುಕಿ ನೋಡಿದ್ದರೆ ನಡೆಯದ ಯುದ್ಧ ಅಂದೇ ಮುಗಿಯುತ್ತಿತ್ತು.